ಈ ಶೀಟ್ ಯಾರು ಮಾಡಿದ್ದು?

"ಹದಿನಾರು ವರ್ಷಗಳ ಅನುಭವವಿರುವ, ಫಲಿತಾಂಶಕ್ಕೆ ಒತ್ತು ಕೊಡುವ, ತಂಡವನ್ನು ಮುನ್ನಡೆಸಬಲ್ಲ ವೃತ್ತಿಪರೆ."

ಶೈಲಜಾ ಈ ಸಾಲನ್ನು ಮತ್ತೊಮ್ಮೆ ಓದಿದಳು. ಯಾರ ಹೆಸರಿನ ಕೆಳಗೆ ಹಾಕಿದ್ರೂ ಒಪ್ಪುತ್ತೆ. ಶುಕ್ರವಾರದೊಳಗೆ ಎಲ್ಲರೂ ಪ್ರೊಫೈಲ್ ಅಪ್‌ಡೇಟ್ ಮಾಡಬೇಕು ಅಂತ ಎಚ್‌ಆರ್‌ನಿಂದ ಮೇಲ್ ಬಂದಿತ್ತು. ವಿಭಾಗಗಳನ್ನು ಕೂಡಿಸುತ್ತಾರೆ ಅನ್ನೋ ಸುದ್ದಿಯೂ ಓಡಾಡುತ್ತಿತ್ತು. ಅದಕ್ಕೇ ಮನೆಯವರೆಲ್ಲ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತಿದ್ದಳು.

ಸಾಲು ಅಳಿಸಿದಳು. ಅದರ ಜಾಗಕ್ಕೆ ಏನು ಬರೆಯೋದು? ದಿನವಿಡೀ ಮಾಡಿದ್ದನ್ನು ನೆನಪಿಸಿಕೊಂಡಳು. ನಾಲ್ಕು ಮೀಟಿಂಗ್. ಇಬ್ಬರಿಗೆ ರಜೆ ಮಂಜೂರು. ಮೇಲಿನವರ ಸಿಟ್ಟನ್ನು ಮೆತ್ತಗೆ ಮಾಡಿ ಕೆಳಗೆ ದಾಟಿಸಿದ್ದು, ಕೆಳಗಿನವರ ಗೋಳನ್ನು ಅಂಕಿಅಂಶ ಮಾಡಿ ಮೇಲೆ ಕಳಿಸಿದ್ದು. ಇದನ್ನೆಲ್ಲ ಪ್ರೊಫೈಲ್‌ನಲ್ಲಿ ಹಾಕೋಕೆ ಆಗುತ್ತಾ?

ಮ್ಯಾನೇಜರ್ ಆದದ್ದು ಯಾವ ತಿಂಗಳು ಅನ್ನೋದು ಮರೆತಿತ್ತು. ಹಳೆಯ ಮೇಲ್‌ಗಳಲ್ಲಿ ಹುಡುಕಿದಳು. ತಿಂಗಳು ಸಿಗಲಿಲ್ಲ, 2014ರ ಒಂದು ಮೇಲ್ ಸಿಕ್ಕಿತು. ವಿಷಯದ ಜಾಗದಲ್ಲಿ ಎರಡೇ ಪದ: "ವ್ಯತ್ಯಾಸ ಸೊನ್ನೆ."

ಓದುತ್ತಿದ್ದಂತೆ ಬೆನ್ನು ನೆಟ್ಟಗಾಯಿತು.

ಆಗ ಪ್ರತಿ ತಿಂಗಳ ಕೊನೆಗೂ ಗೋದಾಮಿನ ಲೆಕ್ಕ ತಪ್ಪುತ್ತಿತ್ತು. ಪುಸ್ತಕದಲ್ಲಿ ಇರೋ ಪೆಟ್ಟಿಗೆ ಕಪಾಟಿನಲ್ಲಿ ಇಲ್ಲ. ಕಳ್ಳತನ ಅಂದರು ಕೆಲವರು. ಗೇಟಿನ ಬಸಪ್ಪನ ಮೇಲೂ ಅನುಮಾನ ಬಂದಿತ್ತು. ಶೈಲಜಾ ಮೂರು ದಿನ ಕೆಳಗೇ ಇದ್ದಳು. ರಟ್ಟಿನ ತುಂಡಿನ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಎಣಿಸಿದಳು. ಕೊನೆಗೆ ಸುಳಿವು ಕೊಟ್ಟವನು ಬಸಪ್ಪನೇ. "ಮೇಡಂ, ವಾಪಸ್ ಬಂದ ಮಾಲು ನಾನೂ ಬರೀತೀನಿ, ಒಳಗೆ ಅಕೌಂಟ್ಸ್‌ನವರೂ ಬರೀತಾರೆ. ಎರಡೂ ಸೇರಿಸ್ತಾರೋ ಏನೋ!"

ಸೇರಿಸುತ್ತಿದ್ದರು. ಕಳ್ಳ ಯಾರೂ ಇರಲಿಲ್ಲ, ಒಂದೇ ಮಾಲು ಎರಡು ಸಲ ಲೆಕ್ಕಕ್ಕೆ ಬರುತ್ತಿತ್ತು ಅಷ್ಟೇ. ಅವಳು ಒಂದು ಎಕ್ಸೆಲ್ ಶೀಟ್ ಮಾಡಿದಳು. ಎಫ್ ಕಾಲಂನಲ್ಲಿ ಗೇಟ್ ಪಾಸ್ ನಂಬರ್. ಅದೇ ನಂಬರ್ ಇನ್ನೊಮ್ಮೆ ಬಂದರೆ ಆ ಮನೆ ಕೆಂಪಾಗಬೇಕು. ಫಾರ್ಮುಲಾ ಇಷ್ಟೇ:

```
=COUNTIF(F:F,F2)>1
```

ಮುಂದಿನ ತಿಂಗಳು ವ್ಯತ್ಯಾಸ ಸೊನ್ನೆ.

ಆದರೆ ಮೇಲ್‌ನಲ್ಲಿ ಅವಳು ಬರೆದದ್ದು ನೋಡಿ: "ತಂಡದ ಸಹಕಾರದಿಂದ ಸಮಸ್ಯೆ ಬಗೆಹರಿದಿದೆ." ಅವಳ ಹೆಸರೂ ಇಲ್ಲ, ಬಸಪ್ಪನ ಹೆಸರೂ ಇಲ್ಲ. ಯಾರ ಸಹಕಾರ ಅಂತ ಈಗ ಅವಳಿಗೇ ನಗು ಬಂತು.

ಒಂದು ಅನುಮಾನ ಹುಟ್ಟಿತು. ತಂಡ ಈಗಲೂ ಬಳಸುವ ಸ್ಟಾಕ್ ಶೀಟ್ ತೆರೆದಳು. ಮೊನ್ನೆಯಷ್ಟೇ ಹೊಸ ಡೈರೆಕ್ಟರ್ ಅದನ್ನು "ನಮ್ಮ ಸಂಸ್ಥೆಯ ಪದ್ಧತಿ" ಅಂತ ಹೊಗಳಿದ್ದರು, ಅವಳೂ ಎಲ್ಲರ ಜೊತೆ ತಲೆಯಾಡಿಸಿದ್ದಳು. ಫೈಲ್‌ನ ಮಾಹಿತಿ ನೋಡಿದಳು. ಆಥರ್: ಶೈಲಜಾ. ವರ್ಷ 2014.

"ಇನ್ನೂ ಆಫೀಸ್ ಕೆಲಸಾನಾ?" ಗಂಡ ಕೋಣೆಯಿಂದಲೇ ಕೇಳಿದ.

"ಅಲ್ಲ, ನಂದೇ ಕೆಲಸ. ನೀವು ಮಲಕ್ಕೊಳ್ಳಿ."

ಆಮೇಲೆ ಹುಡುಕೋದು ನಿಲ್ಲಿಸಲಾಗಲಿಲ್ಲ. ಗೋದಾಮು ಬೇರೆ ಕಟ್ಟಡಕ್ಕೆ ಹೋದಾಗ ಒಂದೂ ಡೆಲಿವರಿ ತಡವಾಗಿರಲಿಲ್ಲ, ಅದರ ಪಟ್ಟಿ ಸಿಕ್ಕಿತು. ಕಂಪ್ಯೂಟರ್ ಮುಟ್ಟಲು ಹೆದರುತ್ತಿದ್ದ ಹುಡುಗಿಯೊಬ್ಬಳಿಗೆ ಊಟದ ಬಿಡುವಿನಲ್ಲಿ ಕಲಿಸಿದ್ದಳು. ಅವಳು ಈಗ ಇನ್ನೊಂದು ಶಾಖೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. "ಅಕ್ಕಾ, ಮೊದಲ ಸಲ ಬ್ಯಾಲೆನ್ಸ್ ಹೊಂದಿತು!" ಅಂತ ಕಳಿಸಿದ್ದ ಮೇಲ್‌ಗೆ ಶೈಲಜಾ ಉತ್ತರವನ್ನೇ ಕೊಟ್ಟಿರಲಿಲ್ಲ. ಅತ್ಯುತ್ತಮ ಉದ್ಯೋಗಿ ಪ್ರಮಾಣಪತ್ರದ ಫೋಟೋ ಕೂಡ ಇತ್ತು. ಯಾಕೆ ಕೊಟ್ಟಿದ್ದರು ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅದನ್ನು ಬಿಟ್ಟಳು.

ಬರೆಯತೊಡಗಿದಳು. ಮೊದಲು "ಪ್ರಮುಖ ಪಾತ್ರ ವಹಿಸಿದ್ದೇನೆ" ಅಂತ ಬಂತು. ಥೂ, ಅಳಿಸಿದಳು.

"ವಾಪಸ್ ಬಂದ ಮಾಲು ಎರಡು ಸಲ ಲೆಕ್ಕಕ್ಕೆ ಬರುತ್ತಿದೆ ಎಂದು ಪತ್ತೆ ಮಾಡಿದೆ. ಮೊದಲ ಸುಳಿವು ಗೇಟ್ ಸಿಬ್ಬಂದಿ ಬಸಪ್ಪ ಅವರದು. ಅದನ್ನು ತಡೆಯಲು 2014ರಲ್ಲಿ ನಾನು ಮಾಡಿದ ಶೀಟ್ ಇಂದಿಗೂ ಬಳಕೆಯಲ್ಲಿದೆ."

ಮೂರು ವಾಕ್ಯ. ಮುಂದಿನದು ಗೋದಾಮಿನದು, ಅದಕ್ಕೆ ಎರಡೇ ಸಾಕಾಯಿತು. ಸೇವ್ ಒತ್ತಿದಳು. ಆ ಹುಡುಗಿಯ ಹಳೆಯ ಮೇಲ್‌ಗೆ ಉತ್ತರವನ್ನೂ ಬರೆದಳು: "ತಡವಾಯ್ತು ಕಣೇ. ತುಂಬಾ ಖುಷಿಯಾಗಿತ್ತು ಆಗ. ಈಗಲೂ."

ಲ್ಯಾಪ್‌ಟಾಪ್ ಮುಚ್ಚುವ ಮೊದಲು ಸ್ಟಾಕ್ ಶೀಟ್ ಇನ್ನೊಮ್ಮೆ ಕಣ್ಣಿಗೆ ಬಿತ್ತು. ಎಫ್ ಕಾಲಂನ ಕೆಂಪನ್ನು ನಡುವೆ ಯಾರೋ ತಿಳಿ ಕಿತ್ತಳೆ ಮಾಡಿದ್ದರು. ಸರಿಯಾಗಿ ಕಾಣೋದೇ ಇಲ್ಲ ಅದು. ಮತ್ತೆ ಕೆಂಪು ಮಾಡಿದಳು. ಯಾರು ಬದಲಾಯಿಸಿದ್ದು ಅಂತ ನಾಳೆ ಕೇಳಿದರೆ, ಮಾಡಿದವಳೇ ಅಂದರಾಯಿತು.