‘ಅವ್ವನ ಮಗ್ಗ’ ಓದಿ ಗಂಗಾಗೆ

ಪ್ರೀತಿಯ ಗಂಗಾ,

ಕವಿತೆ ಬಂದು ನಾಲ್ಕು ದಿನ ಆಯಿತು. ಸುಮ್ನೆ ಕೂತಿರಲಿಲ್ಲ. ಮೂರು ಸಲ ಓದಿದೆ, ಒಂದು ಸಲ ಜೋರಾಗಿ, ಅಡುಗೆಮನೆಯಲ್ಲಿ. ಮೊದಲ ಸಲ ಫೋನಿನಲ್ಲೇ ಓದಿದ್ದರಿಂದ ಒಂದು ಎಡವಟ್ಟಾಯಿತು. ‘ಆಕಿ ಸತ್ತ ದಿನ ಆಕಿ ನೇಯ್ದ’ ಅಂತ ಒಂದು ಸಾಲು, ಕೆಳಗೆ ‘ಸೀರಿ ಮನ್ಯಾಗ ಒಂದೂ ಇರಲಿಲ್ಲ’ ಅಂತ ಇನ್ನೊಂದು. ಎಷ್ಟು ಚೆನ್ನಾಗಿ ಮುರಿದಿದ್ದಾಳೆ ಅಂದುಕೊಂಡೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ತೆರೆದರೆ ಎಲ್ಲಾ ಒಂದೇ ಉದ್ದ ಸಾಲು! ಮುರಿದಿದ್ದು ನೀನಲ್ಲ, ಫೋನು. ನೀನು ಇದನ್ನು ಕಳಿಸಬೇಕು ಅಂತಿರೋ ವಿಶೇಷಾಂಕದ ಕಿರಿದಾದ ಕಾಲಮ್ಮಿನಲ್ಲೂ ಇದೇ ಆಗುತ್ತೆ. ನೀನು ಮುರಿಯದಿದ್ದರೆ ಅಚ್ಚು ಜೋಡಿಸುವವರು ಮುರಿಯುತ್ತಾರೆ. ಅದಕ್ಕೇ ಸಾಲಿನ ಮಾತಿನಿಂದಲೇ ಶುರು ಮಾಡ್ತೀನಿ.

ನಿನ್ನ ಮೊದಲ ನಾಲ್ಕು ಸಾಲು ಹೀಗಿವೆ:

ಅವ್ವ ಕುಣಿಯಾಗ ಕಾಲ ಇಳಿಬಿಟ್ಟು ಕುಂತಿರತಿದ್ಲು
ಲಾಳಿ ಆ ಕಡೆಯಿಂದ ಈ ಕಡೆ ಓಡತಿತ್ತು
ನಾ ಬಾಗಲದಾಗ ನಿಂತು ನೋಡತಿದ್ದೆ
ಆಕಿ ಬದುಕು ದುಃಖದ ಸಾಗರ ಆಗಿತ್ತು

ಸಾಲಿನ ಕೊನೆಯ ಪದಗಳನ್ನು ಮಾತ್ರ ಓದು. ಇದ್ಲು, ಇತ್ತು, ಇದ್ದೆ, ಇತ್ತು. ಕನ್ನಡದಲ್ಲಿ ಇದು ದೊಡ್ಡ ಬಲೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ವಾಕ್ಯ ಮುಗಿದಲ್ಲೆಲ್ಲ ಸಾಲು ಮುಗಿಸಿದರೆ ಪ್ರತಿ ಸಾಲೂ ಒಂದೇ ಮೆಟ್ಟಿಲ ಮೇಲೆ ಬಂದು ಕೂರುತ್ತೆ. ಓದುವವರು ನಾಲ್ಕು ಸಲ ನಿಂತು ನಾಲ್ಕು ಸಲ ಹೊರಡಬೇಕು. ಮಗ್ಗದ ಲಯ ಹಾಗಿರಲ್ಲ ಅಲ್ವಾ?

ನಿನ್ನ ಒಂದು ಪದವನ್ನೂ ಮುಟ್ಟದೆ, ಎರಡು ಚುಕ್ಕಿ ಮಾತ್ರ ಇಟ್ಟು, ಸಾಲು ಮುರಿದು ನೋಡಿದೆ:

ಅವ್ವ ಕುಣಿಯಾಗ
ಕಾಲ ಇಳಿಬಿಟ್ಟು ಕುಂತಿರತಿದ್ಲು. ಲಾಳಿ
ಆ ಕಡೆಯಿಂದ ಈ ಕಡೆ
ಓಡತಿತ್ತು. ನಾ
ಬಾಗಲದಾಗ ನಿಂತು ನೋಡತಿದ್ದೆ

ಎರಡನೇ ಸಾಲಿನ ತುದಿಯಲ್ಲಿ ‘ಲಾಳಿ’ ನಿಂತಿದೆ ನೋಡು. ಅಲ್ಲಿಂದ ಕಣ್ಣು ಕೆಳಗಿನ ಸಾಲಿನ ಆ ಬದಿಗೆ ಹೋಗಲೇಬೇಕು. ಲಾಳಿ ಓಡಿತು ಅಂತ ಹೇಳುವ ಮೊದಲೇ ಓದುವವರ ಕಣ್ಣು ಓಡಿರುತ್ತೆ. ಇದು ನನಗೆ ಇಷ್ಟವಾಯಿತು. ‘ನಾ’ ಮಾತ್ರ ಸ್ವಲ್ಪ ಜಾಸ್ತಿ ಆಯಿತು ಅನಿಸುತ್ತೆ. ಒಂದು ಪದ್ಯದಲ್ಲಿ ಈ ಆಟ ಒಂದು ಸಲ ಸಾಕು. ಎರಡನೇ ಸಲಕ್ಕೆ ‘ಓಹೋ, ಮುರಿದಿದ್ದಾಳೆ’ ಅಂತ ಗೊತ್ತಾಗಿಬಿಡುತ್ತೆ. ‘ನಾ’ ಅನ್ನು ಕೆಳಗಿಳಿಸು. ಆಮೇಲೆ, ಒಂದೊಂದು ಪದಕ್ಕೆ ಒಂದೊಂದು ಸಾಲು ಮಾಡಿ ಏಣಿ ಕಟ್ಟುವ ಚಟಕ್ಕೆ ದಯವಿಟ್ಟು ಹೋಗಬೇಡ. ನನಗಂತೂ ಅದನ್ನು ಕಂಡರೆ ಕಿರಿಕಿರಿ.

(ನಡುವೆ ಒಂದು ಮಾತು. ಸಾಲು ಮುರಿಯೋದು ನಮಗೆ ಅಷ್ಟೇನೂ ಹಳೆಯ ವಿಷಯ ಅಲ್ಲ. ತಾಳೆಗರಿಯಲ್ಲಿ ವಚನಗಳನ್ನು ಒಂದೇ ಸಮ ಬರೆದುಕೊಂಡು ಹೋಗುತ್ತಿದ್ದರು, ಗರಿಯ ಅಂಚು ಬಂದರೆ ಕೆಳಗಿನ ಸಾಲು. ಇವತ್ತು ಪುಸ್ತಕದಲ್ಲಿ ಕಾಣೋ ಸಾಲುಗಳು ಅಚ್ಚಿಗೆ ಸಿದ್ಧಮಾಡಿದವರು ಕಿವಿಗೊಟ್ಟು ಮಾಡಿದವು. ಅದಕ್ಕೇ ನೀನೂ ಮೊದಲು ಬಾಯಲ್ಲಿ ಹೇಳಿಕೋ. ಉಸಿರು ಎಲ್ಲಿ ತಡೆಯುತ್ತೆ ನೋಡು, ಆಮೇಲೆ ಪೆನ್ನು ಹಿಡಿ.)

ಈಗ ಸತ್ತ ದಿನದ ಸಾಲು. ಇಡೀ ಕವಿತೆಯಲ್ಲಿ ನನ್ನನ್ನು ನಿಲ್ಲಿಸಿದ್ದು ಅದೇ. ಹೀಗೆ ಮುರಿದರೆ?

ಆಕಿ ಸತ್ತ ದಿನ
ಆಕಿ ನೇಯ್ದ ಸೀರಿ ಮನ್ಯಾಗ
ಒಂದೂ ಇರಲಿಲ್ಲ

‘ಮನ್ಯಾಗ’ ಅಂತ ನಿಂತಾಗ ಓದುವವರಿಗೆ ಸೀರೆ ಕಾಣುತ್ತೆ. ಟ್ರಂಕಿನಲ್ಲೋ, ಹಗ್ಗದ ಮೇಲೋ. ಮುಂದಿನ ಸಾಲು ಅದನ್ನು ಕಿತ್ತುಕೊಳ್ಳುತ್ತೆ. ‘ಒಂದೂ’ ಅಂತ ಬರೆದು ಅಲ್ಲಿ ಇನ್ನೊಮ್ಮೆ ಮುರಿದೂ ನೋಡಿದೆ. ನಾಟಕದ ಕಂಪನಿಯ ಹಾಗೆ ಕೇಳಿಸಿತು. ಬೇಡ.

ಇದರ ಹಿಂದೆಯೇ ಬರೋ ‘ಮಗ್ಗದ ಮ್ಯಾಲ ಅರ್ಧಕ್ಕ ನಿಂತ ಸೀರಿ ನನ್ನ ಎದಿ ಸೀಳತ್ತ’ ಸಾಲಿಗೆ ಬರೋಣ. ಕೊನೆಯ ಮೂರು ಪದ ಹೊಡೆದು ಹಾಕು. ಅರ್ಧಕ್ಕೆ ನಿಂತ ಸೀರೆ ಆ ಕೆಲಸ ಮಾಡಿ ಆಗಿದೆ. ಅದರ ಪಕ್ಕದಲ್ಲಿ ನೀನು ನಿಂತು ಎದೆ ಹಿಡಿದುಕೊಂಡರೆ ನಾನು ಸೀರೆ ಬಿಟ್ಟು ನಿನ್ನನ್ನು ನೋಡ್ತೀನಿ.

ಇನ್ನು ‘ದುಃಖದ ಸಾಗರ’. ಬೈಕೋಬೇಡ. ಇಳಕಲ್ಲಿಗೆ ಸಾಗರ ಎಲ್ಲಿಂದ ಬಂತು? ಅವ್ವ, ಕುಣಿ, ಲಾಳಿ, ಬಾಗಲು ಎಲ್ಲಾ ನಿನ್ನ ಬಾಯಿಂದ ಬಂದಿವೆ. ‘ಬದುಕು ದುಃಖದ ಸಾಗರ’ ಮಾತ್ರ ಶಾಲೆಯ ಪ್ರಬಂಧದಿಂದ ಎದ್ದು ಬಂದಿದೆ. ನಾನು ಗುರುತು ಹಾಕಿದ ಸಪ್ಪೆ ಚಿತ್ರಗಳೆಲ್ಲ ಹೀಗೇ ಇವೆ: ‘ಕಾಲನ ಚಕ್ರ’, ‘ತ್ಯಾಗದ ಮೂರ್ತಿ’. ನಿನ್ನ ಮಾತು ಎಲ್ಲಿ ತಪ್ಪಿದೆಯೋ ಚಿತ್ರವೂ ಅಲ್ಲೇ ಸಪ್ಪೆಯಾಗಿದೆ. ಅಂದರೆ ಹೊಸ ದನಿ ಹುಡುಕೋದೇನೂ ಬೇಡ, ನಿನ್ನ ದನಿಯನ್ನೇ ಆ ಮೂರು ಕಡೆ ವಾಪಸ್ ತರಬೇಕು ಅಷ್ಟೇ.

ನೆನಪಿದೆಯಾ, ಹೋದ ವರ್ಷ ಹುಬ್ಬಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ನೀನು ಹೇಳಿದ್ದು? ಮಳೆಗಾಲದಲ್ಲಿ ಮಗ್ಗದ ಕುಣಿಯೊಳಗೆ ನೀರು ಒಸರುತ್ತಿತ್ತು, ಅವ್ವ ಬೆಳಗ್ಗೆ ಎದ್ದು ತಂಬಿಗೆಯಲ್ಲಿ ಅದನ್ನು ತೋಡಿ ಹೊರಗೆ ಚೆಲ್ಲಿ, ಗೋಣಿ ಹಾಸಿ, ಆಮೇಲೆ ಕಾಲು ಇಳಿಬಿಡುತ್ತಿದ್ದಳು ಅಂತ. ನಿನ್ನ ಸಾಗರ ಅಲ್ಲೇ ಇದೆ, ತಂಬಿಗೆಯಲ್ಲಿ. ಆ ಸಾಲನ್ನು ನಾನು ಬರೆದು ತೋರಿಸಲ್ಲ. ನಾನು ಬರೆದರೆ ಅದು ಮಲೆನಾಡಿನ ತಂಬಿಗೆ ಆಗುತ್ತೆ.

‘ಟೋಪ್ ತೆನಿ’ ಬಗ್ಗೆ ನೀನು ಕೇಳಿದ್ದೆ, ಹೊರಗಿನವರಿಗೆ ತಿಳಿಯುತ್ತಾ ಅಂತ. ನಾನೇ ಹೊರಗಿನವಳು. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸೋದಕ್ಕೆ ಹಾಗೆ ಹೇಳ್ತಾರೆ ಅಂತ ನಿನ್ನಿಂದಲೇ ಕಲಿತೆ. ಕವಿತೆಯಲ್ಲಿ ‘ಟೋಪ್ ತೆನಿ ಹಾಕಿದಾಂಗ ನಮ್ಮನ್ನ ಕೂಡಿಸಿದ್ಲು’ ಅಂದ ಮೇಲೆ ‘ಅಂದರ ಎಳಿಗೆ ಎಳಿ ಗಂಟ ಹಾಕೂ ಕೆಲಸ’ ಅಂತ ಬರೆದಿದ್ದೀಯ. ‘ಅಂದರ’ ಮತ್ತು ‘ಗಂಟ ಹಾಕೂ ಕೆಲಸ’ ತೆಗೆದರೆ ‘ಎಳಿಗೆ ಎಳಿ’ ಉಳಿಯುತ್ತೆ. ಅಷ್ಟರಿಂದ ನನಗೆ ತಿಳಿಯಿತು. ಉಳಿದವರಿಗೂ ತಿಳಿಯುತ್ತೆ, ತಿಳಿಯದವರು ಕೇಳಿಕೊಳ್ಳಲಿ.

‘ಕುಂತಿರತಿದ್ಲು’ ಅನ್ನು ‘ಕುಳಿತಿರುತ್ತಿದ್ದಳು’ ಮಾಡಬೇಕಾ ಅಂತ ಕೇಳಿದೆಯಲ್ಲ, ಮಾಡಿದರೆ ನಿನ್ನ ಹತ್ತಿರ ಮಾತು ಬಿಡ್ತೀನಿ. ಕಾಲೇಜಿನಲ್ಲಿದ್ದಾಗ ನನ್ನದೊಂದು ಪದ್ಯವನ್ನು ಹಿರಿಯರೊಬ್ಬರು ಪ್ರೀತಿಯಿಂದಲೇ ತಿದ್ದಿಕೊಟ್ಟಿದ್ದರು. ‘ಹಿತ್ಲಲ್ಲಿ ಅಜ್ಜಿ ಗೊಣಗ್ತಾಳೆ’ ಅಂತ ಬರೆದಿದ್ದೆ. ವಾಪಸ್ ಬಂದಾಗ ‘ಹಿತ್ತಲಲ್ಲಿ ಅಜ್ಜಿಯ ಗೊಣಗು ಅನುರಣಿಸಿತು’ ಆಗಿತ್ತು. ನಮ್ಮಜ್ಜಿ ಜನ್ಮದಲ್ಲಿ ಅನುರಣಿಸಿದವಳಲ್ಲ. ಆ ಪದ್ಯವನ್ನು ನಾನು ಮತ್ತೆ ತೆರೆಯಲೇ ಇಲ್ಲ. ಹಾಗಾಗಿ ನಾನು ಹೇಳಿದ್ದರಲ್ಲೂ ನಿನ್ನ ಬಾಯಿಗೆ ಒಗ್ಗದ್ದು ಇದ್ದರೆ ಬಿಟ್ಟುಬಿಡು. ಸಾಲು ಮುರಿಯೋ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟ ಹಿಡೀತೀನಿ.

ವಿಶೇಷಾಂಕಕ್ಕೆ ಹದಿನೈದನೇ ತಾರೀಖು ಕೊನೆ ಅಂದೆ. ಭಾನುವಾರ ಸಂಜೆ ಫೋನ್ ಮಾಡು, ನೀನು ಓದು, ನಾನು ಕಣ್ಣು ಮುಚ್ಚಿ ಕೇಳ್ತೀನಿ. ಅಷ್ಟರೊಳಗೆ ಒಂದು ಯೋಚನೆ ಮಾಡಿಟ್ಟಿರು. ಮಗ್ಗದ ಮೇಲೆ ನಿಂತುಹೋದ ಆ ಸೀರೆ ಯಾವ ಬಣ್ಣದ್ದು? ದಡಿ ಗೋಮಿಯದಾ, ಬೇರೆಯದಾ? ಆಮೇಲೆ ಅದನ್ನು ಯಾರು ಮುಗಿಸಿದರು?

ನಿನ್ನ,
ಸುಮಾ