ಈಳಿಗೆಯ ಗಾಯವೊಂದರಲ್ಲಿ ಉರಿಯೂತ ಮತ್ತು ಮಾಯುವಿಕೆಯ ಹಂತಗಳು: ಪರೀಕ್ಷೆಗೆ ಮುನ್ನ ಒಂದು ಮರುಓದು

ರೋಗಶಾಸ್ತ್ರದ ಪರೀಕ್ಷೆಗೆ ಸಿದ್ಧರಾಗುತ್ತಿರುವ ನರ್ಸಿಂಗ್ ಎರಡನೆಯ ವರ್ಷದ ವಿದ್ಯಾರ್ಥಿಗಳಿಗಾಗಿ ಈ ಟಿಪ್ಪಣಿ. ಉರಿಯೂತ, ಗಾಯ ಮಾಯುವಿಕೆ ಎಂಬ ಎರಡು ಅಧ್ಯಾಯಗಳನ್ನು ನೀವು ಬೇರೆ ಬೇರೆಯಾಗಿ ಓದಿದ್ದೀರಿ. ದೇಹದಲ್ಲಿ ಅವು ಒಂದೇ ಕೆಲಸದ ಮುಂದುವರಿಕೆ ಎಂಬುದನ್ನು ಒಂದೇ ಉದಾಹರಣೆಯಿಂದ ನೋಡೋಣ. ಇಪ್ಪತ್ತು ವರ್ಷದ ಆರೋಗ್ಯವಂತ ಯುವತಿಯೊಬ್ಬಳು ತೊಳೆದ ಈಳಿಗೆಯಲ್ಲಿ ಮಾವಿನಕಾಯಿ ಹೆಚ್ಚುವಾಗ ಎಡಗೈಯ ತೋರುಬೆರಳನ್ನು ಕೊಯ್ದುಕೊಂಡಿದ್ದಾಳೆ. ಗಾಯ ಒಂದೂವರೆ ಸೆಂಟಿಮೀಟರ್ ಉದ್ದವಿದ್ದು ಹೊರಚರ್ಮವನ್ನು ದಾಟಿ ಒಳಚರ್ಮಕ್ಕೆ ಇಳಿದಿದೆ, ಅಂಚುಗಳು ನೇರವಾಗಿವೆ, ಅಂಗಾಂಶ ನಷ್ಟವಾಗಿಲ್ಲ. ಅಂಚುಗಳನ್ನು ಕೂಡಿಸಿ ಪಟ್ಟಿ ಹಾಕಲಾಗಿದೆ. ಇದು ಪ್ರಾಥಮಿಕ ಮಾಯುವಿಕೆಯ ಮಾದರಿ.

ಕೊಯ್ದ ಕ್ಷಣದಲ್ಲೇ ಕತ್ತರಿಸಿದ ಕಿರುರಕ್ತನಾಳಗಳು ಸ್ವಲ್ಪ ಹೊತ್ತು ಸಂಕುಚಿಸುತ್ತವೆ. ನಾಳದ ಒಳಪದರ ಹರಿದು ತೆರೆದುಕೊಂಡ ಕೊಲ್ಯಾಜೆನ್‌ಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಗುಂಪುಗೂಡುತ್ತವೆ. ಅವುಗಳ ಮೇಲೆ ಫೈಬ್ರಿನ್ ಬಲೆ ಹೆಣೆದು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪನ್ನು ಬರೀ ಬಿರಡೆ ಎಂದು ಬರೆಯಬೇಡಿ. ಮುಂದೆ ಜೀವಕೋಶಗಳು ತೆವಳಿಕೊಂಡು ಬರಲು ಅದೇ ಅಟ್ಟಣಿಗೆ, ಮತ್ತು ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ಬೆಳವಣಿಗೆಯ ಅಂಶಗಳೇ ದುರಸ್ತಿಯ ಮೊದಲ ಕರೆ. ಮೇಲ್ಭಾಗ ಒಣಗಿದಾಗ ಅದು ಹಕ್ಕಳೆಯಾಗುತ್ತದೆ.

ಕೆಲವೇ ನಿಮಿಷಗಳಲ್ಲಿ ಸಂಕೋಚನ ಹೋಗಿ ನಾಳಗಳು ಹಿಗ್ಗುತ್ತವೆ. ಮಾಸ್ಟ್ ಕೋಶಗಳಿಂದ ಬಂದ ಹಿಸ್ಟಮಿನ್ ಇದಕ್ಕೆ ಮುಖ್ಯ ಕಾರಣ. ರಕ್ತ ಹೆಚ್ಚಾಗಿ ಹರಿಯುವುದರಿಂದ ಬೆರಳು ಕೆಂಪಾಗಿ ಬೆಚ್ಚಗಾಗುತ್ತದೆ. ಸಣ್ಣ ಅಭಿಧಮನಿಗಳ ಒಳಪದರದ ಕೋಶಗಳು ಕುಗ್ಗಿ ನಡುವೆ ಸಂದು ಬಿಟ್ಟಾಗ ಪ್ರೋಟೀನ್‌ಭರಿತ ದ್ರವ ಹೊರಸೋರಿ ಬಾವು ಬರುತ್ತದೆ. ಬ್ರಾಡಿಕೈನಿನ್ ಮತ್ತು ಪ್ರೊಸ್ಟಗ್ಲಾಂಡಿನ್‌ಗಳು ನೋವು ತರುತ್ತವೆ. ರೋಮನ್ ಲೇಖಕ ಸೆಲ್ಸಸ್ ಒಂದನೆಯ ಶತಮಾನದಲ್ಲೇ ದಾಖಲಿಸಿದ ಕೆಂಪು, ಬಾವು, ಬಿಸಿ, ನೋವುಗಳೆಂಬ ನಾಲ್ಕು ಲಕ್ಷಣಗಳು ಇವೇ. ನಮ್ಮ ‘ಉರಿಯೂತ’ ಎಂಬ ಪದದಲ್ಲಿಯೇ ಉರಿ ಮತ್ತು ಊತ ಸೇರಿರುವುದರಿಂದ ನೆನಪಿಡುವುದು ಕಷ್ಟವಲ್ಲ. ಆದರೆ ಉರಿಯೂತವೆಂದರೆ ಸೋಂಕು ಎಂದು ಪ್ರತಿ ವರ್ಷ ಕೆಲವರು ಬರೆಯುತ್ತಾರೆ. ಈ ಗಾಯದಲ್ಲಿ ಕೀವಿಲ್ಲ, ಸೋಂಕಿಲ್ಲ. ಉರಿಯೂತವಂತೂ ಇದೆ, ಇರಲೇಬೇಕು.

ನಂತರ ಬರುವವು ನ್ಯೂಟ್ರೊಫಿಲ್‌ಗಳು. ಅವು ನಾಳದ ಅಂಚಿಗೆ ಸರಿದು, ಸೆಲೆಕ್ಟಿನ್‌ಗಳ ನೆರವಿನಿಂದ ಉರುಳುತ್ತಾ, ಇಂಟೆಗ್ರಿನ್‌ಗಳಿಂದ ಭದ್ರವಾಗಿ ಅಂಟಿಕೊಂಡು, ಕೋಶಗಳ ಸಂದಿನಲ್ಲಿ ನುಸುಳಿ, ರಾಸಾಯನಿಕ ಸೂಚನೆಗಳ ಜಾಡು ಹಿಡಿದು ಗಾಯವನ್ನು ತಲುಪುತ್ತವೆ. ಈ ಕ್ರಮವನ್ನು ಅದಲುಬದಲು ಮಾಡಿದರೆ ಅಂಕ ಹೋಗುತ್ತದೆ. ಮೊದಲ 24 ಗಂಟೆಗಳಲ್ಲಿ ಅವುಗಳದೇ ಪ್ರಾಬಲ್ಯ. ಮೂರನೆಯ ದಿನದ ಹೊತ್ತಿಗೆ ಮ್ಯಾಕ್ರೊಫೇಜ್‌ಗಳು ಅವುಗಳ ಜಾಗ ಹಿಡಿಯುತ್ತವೆ. ಇಡೀ ವಿಷಯದ ಕೀಲು ಇಲ್ಲಿದೆ ಎಂದು ನನಗೆ ಅನಿಸುತ್ತದೆ, ಏಕೆಂದರೆ ಸತ್ತ ಕೋಶಗಳನ್ನು ನುಂಗಿ ಗಾಯವನ್ನು ಶುಚಿಗೊಳಿಸುವ ಕೋಶವೇ ಹೊಸ ನಾಳಗಳನ್ನೂ ಫೈಬ್ರೊಬ್ಲಾಸ್ಟ್‌ಗಳನ್ನೂ ಕರೆಯುತ್ತದೆ. 1975ರಲ್ಲಿ ಲೀಬೊವಿಚ್ ಮತ್ತು ರಾಸ್ ಗಿನಿಯಿಲಿಗಳಲ್ಲಿ ಮ್ಯಾಕ್ರೊಫೇಜ್‌ಗಳನ್ನು ತಗ್ಗಿಸಿ ನೋಡಿದಾಗ ಗಾಯದ ಶುದ್ಧಿಯೂ ನಾರುಕಟ್ಟುವಿಕೆಯೂ ತಡವಾದವು. ಉರಿಯೂತವನ್ನು ಅಡಗಿಸುವ ಸ್ಟಿರಾಯ್ಡ್‌ಗಳು ಗಾಯ ಮಾಯುವುದನ್ನು ಏಕೆ ನಿಧಾನಗೊಳಿಸುತ್ತವೆ ಎಂಬ ಪ್ರಶ್ನೆಗೂ ಉತ್ತರದ ದೊಡ್ಡ ಭಾಗ ಇಲ್ಲೇ ಸಿಗುತ್ತದೆ.

ಇಷ್ಟರಲ್ಲಿ ಮೇಲ್ಪದರ ಸುಮ್ಮನೆ ಕೂತಿರುವುದಿಲ್ಲ. 24ರಿಂದ 48 ಗಂಟೆಗಳೊಳಗೆ ಎರಡೂ ಅಂಚಿನ ಹೊರಚರ್ಮದ ಕೋಶಗಳು ಹಕ್ಕಳೆಯ ಅಡಿಯಲ್ಲಿ ಸರಿದು ನಡುವೆ ಕೂಡಿಕೊಳ್ಳತೊಡಗುತ್ತವೆ. ಅಂದರೆ ಉರಿಯೂತ ಮುಗಿದ ಮೇಲೆ ದುರಸ್ತಿ ಎಂಬ ಗೆರೆ ಪುಸ್ತಕದಲ್ಲಷ್ಟೇ ಇದೆ.

ಮೂರರಿಂದ ಐದನೆಯ ದಿನದೊಳಗೆ ಹೊಸ ಕಿರುನಾಳಗಳು ಮತ್ತು ಫೈಬ್ರೊಬ್ಲಾಸ್ಟ್‌ಗಳಿಂದ ಕೂಡಿದ, ನಸುಗೆಂಪಾದ, ಮೃದುವಾದ ಗ್ರ್ಯಾನ್ಯುಲೇಶನ್ ಅಂಗಾಂಶ ಸೀಳನ್ನು ತುಂಬುತ್ತದೆ. ಫೈಬ್ರೊಬ್ಲಾಸ್ಟ್‌ಗಳು ಆರಂಭದಲ್ಲಿ ಹೆಚ್ಚಾಗಿ ಮೂರನೆಯ ಬಗೆಯ ಕೊಲ್ಯಾಜೆನ್ ಹೆಣೆಯುತ್ತವೆ. ಕೊಲ್ಯಾಜೆನ್‌ನ ಪ್ರೋಲಿನ್, ಲೈಸಿನ್‌ಗಳಿಗೆ ಹೈಡ್ರಾಕ್ಸಿಲ್ ಗುಂಪು ಸೇರಲು ಸಿ ಜೀವಸತ್ವ ಬೇಕು. ಅದಿಲ್ಲದ ಸ್ಕರ್ವಿ ರೋಗಿಯಲ್ಲಿ ಇಂಥ ಚಿಕ್ಕ ಗಾಯವೂ ಗಟ್ಟಿಯಾಗಿ ಕೂಡುವುದಿಲ್ಲ. ಇದೇ ಬೆರಳಿನ ತುದಿಯ ಮಾಂಸವೇ ಕಿತ್ತುಹೋಗಿದ್ದರೆ ಗ್ರ್ಯಾನ್ಯುಲೇಶನ್ ಅಂಗಾಂಶ ಬಹಳ ಹೆಚ್ಚು ಬೇಕಾಗುತ್ತಿತ್ತು, ಮಯೊಫೈಬ್ರೊಬ್ಲಾಸ್ಟ್‌ಗಳು ಅಂಚುಗಳನ್ನು ಒಳಕ್ಕೆ ಎಳೆಯಬೇಕಾಗುತ್ತಿತ್ತು, ಕಲೆಯೂ ದೊಡ್ಡದಾಗುತ್ತಿತ್ತು. ಅದು ದ್ವಿತೀಯಕ ಮಾಯುವಿಕೆ.

ಎರಡನೆಯ ವಾರದಿಂದ ಕೆಂಪು, ಬಾವುಗಳು ಇಳಿಯುತ್ತವೆ. ಮುಂದಿನ ತಿಂಗಳುಗಳಲ್ಲಿ ಮೆಟಾಲೊಪ್ರೋಟಿನೇಸ್ ಕಿಣ್ವಗಳು ಹಳೆಯ ಹೆಣಿಗೆಯನ್ನು ಬಿಚ್ಚುತ್ತಿದ್ದಂತೆ ಮೂರನೆಯ ಬಗೆಯ ಜಾಗಕ್ಕೆ ಬಲವಾದ ಒಂದನೆಯ ಬಗೆಯ ಕೊಲ್ಯಾಜೆನ್ ಬರುತ್ತದೆ. ಮೊದಲ ವಾರದ ಕೊನೆಗೆ ಗಾಯದ ಬಲ ಸಹಜ ಚರ್ಮದ ಸುಮಾರು 10 ಪ್ರತಿಶತ. ಮೂರು ತಿಂಗಳಲ್ಲಿ 70ರಿಂದ 80 ಪ್ರತಿಶತ. ಅದರಾಚೆಗೆ ಅದು ಹೆಚ್ಚೇನೂ ಏರುವುದಿಲ್ಲ. ಬೆರಳಿನ ಮೇಲೆ ಉಳಿಯುವ ತೆಳುವಾದ ಬಿಳಿ ಗೆರೆಯಲ್ಲಿ ಬೆವರಿನ ಗ್ರಂಥಿಗಳು ಮರಳಿ ಹುಟ್ಟುವುದಿಲ್ಲ, ಮತ್ತು ಆಕೆಯ ಬೆರಳಚ್ಚಿನ ಏಣುಗಳು ಆ ಒಂದೂವರೆ ಸೆಂಟಿಮೀಟರಿನಲ್ಲಿ ತುಂಡಾಗಿಯೇ ಉಳಿಯುತ್ತವೆ.