ತಗಡಿನ ಮ್ಯಾಲಿನ ಹಾಜರಿ

(ಗೀಗೀ ಪದ. ಹಾಡಾಕಿ ಸಾಬವ್ವ, ಸುರಪುರ ತಾಲ್ಲೂಕಿನಾಕಿ, ಈಗ ಬೆಂಗಳೂರು ಸರ್ಜಾಪುರ ರಸ್ತೆ ಶೆಡ್ಡಿನಾಗ ವಸ್ತಿ. ಹಿಂದ ದಪ್ಪು, ತುಂತುಣಿ, ತಾಳ. ರವಿವಾರ ಸಂಜಿ, ಶೆಡ್ಡುಗಳ ಮುಂದಿನ ಬಯಲಾಗ.)

ಸಾಬವ್ವ

ಕೂಡ್ರಿ ಯಣ್ಣಾ, ಕೂಡ್ರಿ ಯಕ್ಕಾ, ಕೂಸಿಗಿ ಹಾಲ ಕುಡಿಸಿಕೋತ
ಕೂಲಿ ಮಾಡಿದವರ ಕಥಿ ಹಾಡ್ತೀನಿ, ಕೇಳ್ರಿ ತಲಿ ತೂಗಿಕೋತ
ರಾಜ ರಾಣಿ ಪದ ನಾಳಿ ಹಾಡೂಣು, ರಟ್ಟಿ ಮುರದವರದಿದು ಇವತ್ತ
ರೊಕ್ಕ ಕೇಳಾಕ ಗೋಡಿ ಹೊತಗೊಂಡು ರಸ್ತೆ ಹಿಡದ ಹೋದವರ ಮಾತ

ಹಿಮ್ಮೇಳ: ಗೀಯ ಗೀಯ ಗಾ ಗೀಯ ಗೀಯ

ಕೃಷ್ಣಾ ಹೊಳಿಗಿ ನಾರಾಯಣಪುರದಾಗ ಕಟ್ಟ್ಯಾರ ದೊಡ್ಡ ಆಣಿಕಟ್ಟ
ಕಾಲವಿ ಕಟ್ಟಕಡಿಗಿ ನಮ್ಮ ಹೊಲ, ಕಾಣಲಿಲ್ಲರಿ ನೀರಿನ ತೊಟ್ಟ
ಎರಿ ಭೂಮ್ಯಾಗ ತೊಗರಿ ಬಿತ್ತಿದಿವಿ, ಹೂ ಬಿಡೂ ಹೊತ್ತಿಗಿ ಬಾಡಿ ಹೋತ
ಎತ್ತ ಮಾರಿ ಬಡ್ಡಿ ಕಟ್ಟಿದಿವಿ, ಅಸಲಿನ ಗಂಟ ಹಂಗೇ ಕುಂತ

ಲಾಕ್‌ಡೌನ್ ಮುಗದ ಮರುವರ್ಷ ದಸರಾಕ ನಮ್ಮ ಕಡಿ ಮೇಸ್ತ್ರಿ ಬಂದ
ಹತ್ತು ಸಾವಿರ ಮುಂಗಡ ಕೊಟ್ಟು "ವಾರಕ್ಕ ಖರ್ಚಿ, ಕಡಿಗಿ ಲೆಕ್ಕ" ಅಂದ
ಹಿರೇ ಮಗನ್ನ ಅತ್ತಿ ಕಡಿ ಬಿಟ್ಟು, ಸಣ್ಣಾಕಿನ ಬಗಲಾಗ ಎತ್ತಿ
ಯಾದಗಿರಿ ಸ್ಟೇಶನ್ನಿಗಿ ಬಂದಿವಿ, ಉದ್ಯಾನ ಗಾಡಿ ಜನರಲ್ ಹತ್ತಿ

ರಾಯಚೂರ ದಾಟಿತ, ಗುಂತಕಲ್ ದಾಟಿತ, ಕುಂಡ್ರಾಕ ಜಾಗಾ ಸಿಗಲಿಲ್ಲ
ಸಂಡಾಸ ಬಾಗಲಕ ಬೆನ್ನ ಹಚ್ಚಿ ಕೂಸಿಗಿ ತೊಡಿ ಕೊಟ್ಟೆನಲ್ಲ

ಹಿಮ್ಮೇಳ: ಗೀಯ ಗೀಯ ಗಾ ಗೀಯ ಗೀಯ

(ಮಾತು)

ಹಿಮ್ಮೇಳದವ: ಬೆಂಗಳೂರಾಗ ಕೂಲಿ ಎಷ್ಟ ಗೊತ್ತ ಮಾಡಿದ ಯಕ್ಕಾ?

ಸಾಬವ್ವ: ಗಂಡಾಳಿಗಿ 800, ಹೆಣ್ಣಾಳಿಗಿ 500 ಅಂದ ತಮ್ಮಾ. ಬುಟ್ಟಿ ಅವೇ, ಕಾಂಕ್ರೀಟ್ ಅದೇ, ಹತ್ತೂ ಮೆಟ್ಟಲ ಅವೇ. ಹೊತ್ತಾಕಿ ಹೆಣ್ಣು ಅಂತ ಬುಟ್ಟಿ ಏನ ಹಗುರ ಆಗತಿತ್ತ?

ಹಿಮ್ಮೇಳದವ: ಹಾಜರಿ ಯಾರ ಬರೀತಿದ್ರು?

ಸಾಬವ್ವ: ಅವನೇ ಬರೀತಿದ್ದ, ಅವನ ಕಿಸೆದಾಗಿನ ಪುಸ್ತಕದಾಗ. ಆ ಪುಸ್ತಕದ ಮ್ಯಾಲ ನನಗ ನಂಬಿಗಿ ಇರಲಿಲ್ಲ. 2020ರ ಲಾಕ್‌ಡೌನ್‌ದಾಗ ಕೆಲಸ ನಿಂತಾಗ ಬ್ಯಾರೆ ಒಬ್ಬ ಮೇಸ್ತ್ರಿ "ಪುಸ್ತಕ ಕಳದದವ್ವ" ಅಂದಿದ್ದ. ಬರೇ ಕೈಲೆ ಮೆಜೆಸ್ಟಿಕ್‌ನಾಗ ಪುಕ್ಕಟ ಬಸ್ಸ ಹತ್ತಿ ಊರಿಗಿ ಹೋದಾಕಿ ನಾನು. ಅವತ್ತೇ ಗಟ್ಟಿ ಮಾಡಿದ್ದೆ, ಇನ್ನ ಮ್ಯಾಲ ನನ್ನ ಲೆಕ್ಕ ನನ್ನ ಕಡಿ ಇರಬೇಕು ಅಂತ.

(ಹಾಡು)

ಅಕ್ಷರ ಬರಾಂಗಿಲ್ಲ, ಅಂಕಿ ಬರಾಂಗಿಲ್ಲ, ಕೈಯಾಗ ಸಿಕ್ಕಿತ್ತ ಸೆಂಟ್ರಿಂಗ್ ಮೊಳಿ
ಶೆಡ್ಡಿನ ತಗಡಿಗಿ ಗೀರ ಎಳದೆ, ಒರಸಲಾರದು ಅದನ ಮಳಿ ಗಾಳಿ
ದುಡದ ದಿನಕ ಒಂದ ಉದ್ದನ ಗೀರ, ಅರ್ಧಾ ದಿನಕ ಗಿಡ್ಡನ ಗೀರ
ರವಿವಾರ ಬಂದ್ರ ಅಡ್ಡಕ ಹೊಡದೆ, ವಾರದ ಲೆಕ್ಕ ಆಗತಿತ್ತ ಪೂರ

ಸ್ಲ್ಯಾಬ್ ಹಾಕಿದ ದಿನ ರಾತ್ರಿ ಮಟ ಕೆಲಸ, ಮಿಕ್ಸರ್ ಲಾರಿ ಸಾಲಕ ಸಾಲ
ಗೀರಿನ ನೆತ್ತಿಗಿ ದುಂಡನ ಗುರ್ತ, ಆ ದಿನದ ಕೂಲಿ ಡಬಲ್
ಮಗಳಿಗಿ ಡೆಂಗಿ ಬಂದಾಗ ಶೆಡ್ಡಿನಾಗೇ ಕುಂತೆ, ಆಸ್ಪತ್ರಿಗಿ ಓಡ್ಯಾಡಿದೆ
ಹೋಗದ ದಿನಕ ಗೀರ ಹಾಕಲಿಲ್ಲ, ತಗಡಿನ ಆ ಜಾಗಾ ಬೆಳ್ಳಗ ಬಿಟ್ಟೆ

ಹಿಮ್ಮೇಳ: ಗೀಯ ಗೀಯ ಗಾ ಗೀಯ ಗೀಯ

ಸಂಕ್ರಾಂತಿ ಬಂತ, ಲೆಕ್ಕ ಕೇಳಿದಿವಿ, ಮೇಸ್ತ್ರಿ ಪುಸ್ತಕ ತಗದ ಓದಿದ
"ಸಾಬವ್ವನ ಹಾಜರಿ 41, ಮುಂಗಡ ಮುರದು ಏನೂ ಇಲ್ಲ" ಅಂದ
ನಮ್ಮನಿಯವರ ಹಾಜರಿನೂ ಹಂಗೇ, ಮೈದುನ ಭೀಮಶಿದೂ ಅರ್ಧಕ್ಕರ್ಧ
ಕೇಳಾಕ ಹೋದ್ರ ಗೇಟಿನಾಗ ತಡದ್ರು, ಸಾಹೇಬ ಇಲ್ಲ ಅಂತ ವಾಚಮನ್ ಅಂದ

ತಗಡ ಮುಂದ ಕುಂತು ನಮ್ಮೂರ ಹುಡುಗ ಒಂದೊಂದೇ ಗೀರ ಬಟ್ಟಿಲೆ ಎಣಿಸಿದ
ಅರ್ಧದ ಗೀರ ಎರಡೆರಡ ಕೂಡಿಸಿ "68 ಆದವು ಚಿಗವ್ವಾ" ಅಂದ
ಗೋಡಿ ಹೇಳತದ 68 ದಿನ, ಪುಸ್ತಕ ಹೇಳತದ 41
ಗೋಡಿನೇ ಒಯ್ದು ತೋರಸೂಣು ಅಂದೆ, ಬಾಯಿ ಮಾತ ಕೇಳಾವರ ಯಾರು?

(ಮಾತು)

ಹಿಮ್ಮೇಳದವ: ಗೋಡಿನೇ ಕಿತ್ತಿರೇನ ಯಕ್ಕಾ?

ಸಾಬವ್ವ: ಕಿತ್ತಿವಿ. ನಮ್ಮನಿಯವರು ಬೇಡ ಅಂದ್ರು, ಚಳಿ ಅದ, ಕೂಸ ಅದ ಅಂದ್ರು. ಆಮ್ಯಾಲ ಅವರೇ ಬೋಲ್ಟ ಬಿಚ್ಚಿ ಕೊಟ್ರು. ಆ ಸಂದಿಗಿ ನನ್ನ ಹಳೇ ಸೀರಿ ಕಟ್ಟಿದಿವಿ. ತಗಡ ತಗೊಂಡು ಬಸ್ ಸ್ಟಾಪಿಗಿ ಹೋದ್ರ ಬಸ್ಸಿನವ ಹತ್ತಿಸಿಕೊಳ್ಳಲಿಲ್ಲ. ಲಗೇಜ್ ಆಟೊದವ ಕೇಳಿದ ರೊಕ್ಕ ನಮ್ಮ ಕಡಿ ಇರಲಿಲ್ಲ.

(ಹಾಡು)

ಮುಂದಿನ ತುದಿ ಭೀಮಶಿ ತಲಿ ಮ್ಯಾಲ, ಹಿಂದಿನ ತುದಿ ನನ್ನ ಸಿಂಬಿ ಮ್ಯಾಲ
ಇಬ್ಬಲೂರಿಗಿ ಹೊತ್ತ ಮೂಡಿತ, ಅಗರ ಕೆರಿ ಗಾಳಿ ಎಳದಿತ ಕಾಲ
ಸಿಲ್ಕ್ ಬೋರ್ಡಿನಾಗ ಸಾವಿರ ಗಾಡಿ, ಹಾರ್ನ್ ಹೊಡದ್ರು ಒಬ್ಬೊಬ್ಬರು
"ಸರೀರಿ ಯಪ್ಪಾ, ಕೂಲಿ ಲೆಕ್ಕ ಹೊಂಟದ" ಅಂದೆ, ಕೇಳಿದಾವರ ಯಾರು ಯಾರು?

ಮಡಿವಾಳದಾಗ ಚಾ ಅಂಗಡಿ ಮುದುಕ ತಗಡ ಇಳಿಸಾಕ ಕೈ ಕೊಟ್ಟ
ಗೀರ ನೋಡಿ ಏನಂತ ಕೇಳಿದ, ರೊಕ್ಕ ತಗೊಳ್ಳದ ಚಾ ಕೊಟ್ಟ
ಡೇರಿ ಸರ್ಕಲ್ ದಾಟಿ ಬನ್ನೇರುಘಟ್ಟ ರಸ್ತೆ, ಕಾರ್ಮಿಕ ಭವನದ ಬಾಗಲ ಮುಂದ
ತಗಡ ಇಳಿಸಿದಾಗ ಗುಡುಗಿದಾಂಗ ಸಪ್ಪಳ, ಒಳಗಿನ ಮಂದಿ ಹೊರಗ ಬಂದ

ಹಿಮ್ಮೇಳ: ಗೀಯ ಗೀಯ ಗಾ ಗೀಯ ಗೀಯ

(ಮಾತು)

ಸಾಬವ್ವ: ಹೆಣ್ಮಗಳು ತಮ್ಮಾ ಆ ಕಾರ್ಮಿಕ ಇಲಾಖೆ ಸಾಹೇಬರು. ಕುರ್ಚಿ ಬಿಟ್ಟು ಹೊರಗ ಬಂದ್ರು, ತಗಡ ಮುಂದ ಕುಕ್ಕರಗಾಲಿಲೆ ಕುಂತ್ರು. ಪೆನ್ನಿನ ತುದಿಲೆ ಒಂದೊಂದ ಗೀರ ಮುಟ್ಟಿ ನೋಡಿದ್ರು. "ಈ ದುಂಡಗ ಇರೋದು ಏನಮ್ಮ?" ಅಂದ್ರು. ಸ್ಲ್ಯಾಬ್ ಹಾಕಿದ ರಾತ್ರಿರಿ ಅಂದೆ. "ಇಲ್ಲಿ ಖಾಲಿ ಬಿಟ್ಟಿದ್ದೀಯಲ್ಲ?" ಅಂದ್ರು. ಮಗಳಿಗಿ ಜ್ವರ ಬಂದಿತ್ರಿ, ಕೆಲಸಕ್ಕ ಹೋಗಿಲ್ಲ, ಹೋಗದ ದಿನದ ಗೀರ ಹ್ಯಾಂಗ ಹಾಕಲಿ ಅಂದೆ. ಅವರು ನನ್ನ ಮಾರಿ ನೋಡಿದ್ರು, ಮತ್ತೇನೂ ಕೇಳಲಿಲ್ಲ. ಮೊಬೈಲಿನ್ಯಾಗ ಪೂರಾ ತಗಡಿನ ಫೋಟೊ ತಗೊಂಡ್ರು.

(ಹಾಡು)

ದಸರಾ ಮುಗದ ಮರುವಾರ ಮೊದಲ ಗೀರ, ಅಲ್ಲಿಂದ ಮುಂದ ವಾರ ಎಣಿಸಿ
ಮಿಕ್ಸರ್ ಲಾರಿ ಬಂದ ಚೀಟಿ ತರಿಸಿದ್ರು, ಕಂಪನಿಯವರಿಗಿ ನೋಟಿಸ್ ಕಳಿಸಿ
ಚೀಟಿ ಮ್ಯಾಲ ಯಾವ ತಾರೀಕ ಅದನೋ ತಗಡಿನ್ಯಾಗ ಅಲ್ಲೇ ದುಂಡನ ಗುರ್ತ
ಒಂದೂ ತಪ್ಪಲಿಲ್ಲ ಎಲ್ಲಮ್ಮನಾಣಿ, ಮೇಸ್ತ್ರಿ ನೆಲಾ ನೋಡಕೋತ ನಿಂತ

"ಮೇಸ್ತ್ರಿಗಿ ನಾವು ಕೊಟ್ಟೀವಿ ರೊಕ್ಕ" ಅಂತ ಕಂಪನಿಯವರು ಕೈ ಜಾಡಿಸಿದ್ರು
"ಗುತ್ತಿಗಿದಾರ ಕೊಡದಿದ್ರ ಮಾಲಕ ಕೊಡಬೇಕು, 1970ರ ಕಾಯ್ದೆ" ಅಂತ ಸಾಹೇಬರು ಓದಿದ್ರು
ಅಷ್ಟ ವರ್ಷದ ಕಾಯ್ದೆ ಇತ್ತಂತ ನಮಗ ಯಾರ ಹೇಳಿದ್ರು ಯಣ್ಣಾ?
ಅವತ್ತ ಕೇಳಿ ನನ್ನ ಕಣ್ಣಾಗ ನೀರ ಬಂತ, ಸಿಟ್ಟಿಗಿ ಬಂತರಿ, ನೋವಿಗಿ ಅಲ್ಲಣ್ಣಾ

ಹಿಮ್ಮೇಳ: ಗೀಯ ಗೀಯ ಗಾ ಗೀಯ ಗೀಯ

ಅರ್ಧಾ ರೊಕ್ಕ ಎಣಿಸಿ ಕೊಟ್ರು, ಆಸ್ಪತ್ರಿ ಸಾಲ ತೀರಿಸಿ ಬಂದೆ
ಉಳದದ್ದ ಅತ್ತಿ ಖಾತೆಕ ಹಾಕಿ ಮಗನ ಸಾಲಿ ಬೂಟ ತರಿಸಿಕೊಟ್ಟೆ
ಇನ್ನರ್ಧಾ ಬಾಕಿ ಅದ, ನಮ್ಮ ಹನ್ನೊಂದು ಮಂದಿದೂ ಬಾಕಿ ಅದ
ನಾಳಿ ಸೋಮವಾರ ಹತ್ತೂವರಿಗಿ ಮತ್ತ ಕರದಾರ, ತಾರೀಕ ಅದ

ನಿಮ್ಮ ಶೆಡ್ಡಿನ್ಯಾಗೂ ಬಾಕಿ ಇದ್ರ ನಾಳಿಗಿ ನಮ್ಮ ಕೂಡ ಬರ್ರಿ
90 ದಿನ ದುಡದ ಕಾಗದ ಇದ್ರ ಕಾರ್ಮಿಕ ಕಾರ್ಡಿಗೂ ಅರ್ಜಿ ಹಾಕ್ರಿ
ಚೀಟಿ ಇದ್ದಾವರು ಚೀಟಿ ತರ್ರಿ, ಫೋಟೊ ಇದ್ದಾವರು ಫೋಟೊ ತರ್ರಿ
ಗೋಡಿಗಿ ಬರದಾವರು ಗೋಡಿ ತರ್ರಿ, ಹೊರಾಕ ನಾವೂ ಬರ್ತೀವ್ರಿ

ಹಿಮ್ಮೇಳ: ಹೊರಾಕ ನಾವೂ ಬರ್ತೀವ್ರಿ!
ಗೀಯ ಗೀಯ ಗಾ ಗೀಯ ಗೀಯ